ಇಂಗ್ಲಿಷ್‌ನಲ್ಲಿ ಬಂದ ಪಿಐಪಿ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಹೇಗೆ: ಗುರಿಗಳು, ತಾರೀಖುಗಳು, ಸಹಿ

ಕಾಲ್ ಸೆಂಟರಿನ ಕನ್ನಡ ಪ್ರೊಸೆಸ್‌ನಲ್ಲಿ ಇರುವವರು ದಿನವಿಡೀ ಮಾತಾಡುವುದು ಕನ್ನಡ. ಆದರೆ ಅವರ ಕೆಲಸದ ಬಗ್ಗೆ ಬರುವ ಕಾಗದವೆಲ್ಲ ಇಂಗ್ಲಿಷ್. ಆಫರ್ ಲೆಟರನ್ನು ಸಂಬಳದ ಸಾಲು ನೋಡಿ ಸಹಿ ಹಾಕಿರುತ್ತಾರೆ. ಪಾಲಿಸಿ ಮೇಲ್‌ಗಳನ್ನು ಯಾರೂ ಓದುವುದಿಲ್ಲ ಬಿಡಿ. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿ ತೋರಿಸಬೇಕು ಅನ್ನುವ ಪಿಐಪಿ ಪತ್ರ, ಕೈಗೆ ಬಂದ ದಿನ ಮಾತ್ರ ಇಂಗ್ಲಿಷ್ ಚೆನ್ನಾಗಿ ಬರುವ ಯಾರಿಗಾದರೂ ಫೋನ್ ಹೋಗುತ್ತದೆ. "ಅಕ್ಕಾ, ನನ್ನ ಪಿಪ್‌ಗೆ ಹಾಕಿದ್ದಾರೆ. ಏನು ಬರೆದಿದ್ದಾರೆ ಸ್ವಲ್ಪ ನೋಡ್ತೀರಾ?"

ಆ ಫೋನ್ ಎತ್ತಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಾಲ್ ಸೆಂಟರ್‌ಗಳಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವಳು. ಇಂಥ ಪತ್ರಗಳನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಇಂಗ್ಲಿಷ್ ಗೊತ್ತಿದ್ದ ಮಾತ್ರಕ್ಕೆ ಈ ಪತ್ರ ಅರ್ಥವಾಗುವುದಿಲ್ಲ. ಅದರಲ್ಲಿರುವ ಪ್ರತಿ ಅಂಕಿಯನ್ನು ಹೇಗೆ ಅಳೆಯುತ್ತಾರೆ, ಪ್ರತಿ ತಾರೀಖು ಯಾವ ದಿನಗಳ ಲೆಕ್ಕಕ್ಕೆ ಸೇರಿದ್ದು ಅನ್ನುವುದು ಗೊತ್ತಾಗಬೇಕು.

ಉದಾಹರಣೆಗೆ ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ಹುಡುಗಿ, ಬೆಂಗಳೂರಿನ ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ. ಕಂಪನಿಯ ಮುಖ್ಯ ಕಚೇರಿ ಅಮೆರಿಕದಲ್ಲಿದೆ. ಪತ್ರ ಕೊಟ್ಟದ್ದು 2026ರ ಜನವರಿ 5, ಸೋಮವಾರ. ಅವಧಿ 30 ದಿನ. ಗುರಿಗಳು ನಾಲ್ಕು, ರಿವ್ಯೂಗಳೂ ನಾಲ್ಕು.

ಮೊದಲು ಪೂರ್ತಿ ಪತ್ರ ತರಿಸಿಕೊಳ್ಳಿ

ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೋ ನೋಡಿ ಅರ್ಥ ಹೇಳಬೇಡಿ. ಸಾಮಾನ್ಯವಾಗಿ ಅವರು ಕಳಿಸುವುದು ಮೊದಲ ಪುಟ. ಗುರಿಗಳ ಟೇಬಲ್ ಇರುವುದು ಎರಡನೇ ಪುಟದಲ್ಲಿ, ಕೆಲವು ಕಡೆ ಪತ್ರದ ಹಿಂದೆ ಅನೆಕ್ಶರ್ ಅಂತ ಬೇರೆ ಹಾಳೆಯಲ್ಲಿ. ಪುಟದ ಕೆಳಗೆ ಒಟ್ಟು ಎಷ್ಟು ಪುಟ ಅಂತ ಬರೆದಿರುತ್ತಾರೆ, ಅದನ್ನು ಎಣಿಸಿ. ಪತ್ರದ ಜೊತೆ ಬಂದ ಇಮೇಲ್ ಕೂಡ ಕೇಳಿ. ಸಹಿ ಹಾಕಿ ವಾಪಸ್ ಕಳಿಸಲು ಎಷ್ಟು ಗಂಟೆಯ ಗಡುವು ಇದೆ ಅನ್ನುವುದು ಎಷ್ಟೋ ಸಲ ಆ ಮೇಲ್‌ನಲ್ಲಿ ಮಾತ್ರ ಇರುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಐದು ಕಾಲಂ ಹಾಕಿ. ಏನು ಮಾಡಬೇಕು, ಎಷ್ಟು, ಯಾವ ದಿನದಿಂದ ಯಾವ ದಿನದ ವರೆಗೆ, ಯಾರು ಅಳೆಯುತ್ತಾರೆ, ಯಾವತ್ತು ಕೂತು ನೋಡುತ್ತಾರೆ. ಪತ್ರದ ಪ್ರತಿ ಗುರಿಯೂ ಈ ಐದು ಕಾಲಂ ತುಂಬಬೇಕು. ತುಂಬದೆ ಉಳಿದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ನಿಮ್ಮ ಊಹೆಯಿಂದ ಒಂದನ್ನೂ ತುಂಬಬೇಡಿ. ಕೊನೆಗೆ ಎಚ್ಆರ್‌ಗೆ ಕೇಳಬೇಕಾದ ಪಟ್ಟಿ ಆ ಪ್ರಶ್ನೆ ಚಿಹ್ನೆಗಳೇ.

ಕೊನೆಯ ಪ್ಯಾರಾ ಮೊದಲು ಓದಿ ಹೇಳಿ

ಎದುರಿಗಿರುವವರ ತಲೆಯಲ್ಲಿ ಓಡುತ್ತಿರುವುದು ಒಂದೇ ಪ್ರಶ್ನೆ: ಕೆಲಸ ಹೋಗುತ್ತಾ? ಅದಕ್ಕೆ ಉತ್ತರ ಸಿಗುವ ತನಕ ನೀವು ಹೇಳುವ ಯಾವ ಅಂಕಿಯೂ ಅವರ ಕಿವಿಗೆ ಹೋಗುವುದಿಲ್ಲ. ಆ ಉತ್ತರ ಇರುವುದು ಪತ್ರದ ಕೊನೆಯಲ್ಲಿ.

ಅಲ್ಲಿ ಹೆಚ್ಚಾಗಿ ಎರಡು ವಾಕ್ಯ ಇರುತ್ತವೆ. ಒಂದು, ಗುರಿ ಮುಟ್ಟದಿದ್ದರೆ ಶಿಸ್ತು ಕ್ರಮ ಆಗಬಹುದು, ಅದು ಕೆಲಸದಿಂದ ತೆಗೆಯುವ ತನಕವೂ ಹೋಗಬಹುದು ಅನ್ನುವುದು. ಇದನ್ನು ಮೆತ್ತಗೆ ಮಾಡಿ ಹೇಳಬೇಡಿ. "ಸುಮ್ನೆ ಫಾರ್ಮಾಲಿಟಿಗೆ ಬರೆದಿದ್ದಾರೆ" ಅಂತ ಸಮಾಧಾನ ಮಾಡಲು ನಿಮಗೆ ಯಾವ ಆಧಾರವೂ ಇಲ್ಲ. ಹಾಗಂತ "ತೆಗೆದೇ ತೆಗೆಯುತ್ತಾರೆ" ಅನ್ನುವುದೂ ತಪ್ಪು. ಪತ್ರ ಹೇಳುವುದು "ತೆಗೆಯಬಹುದು" ಅಂತ. ಅಷ್ಟನ್ನೇ ಹೇಳಿ.

ಎರಡನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮಧ್ಯದಲ್ಲಿ ಸುಧಾರಣೆ ಕಾಣದಿದ್ದರೆ ಅವಧಿ ಮುಗಿಯುವ ಮುಂಚೆಯೇ ಪ್ಲಾನ್ ನಿಲ್ಲಿಸಬಹುದು ಅಂತ ಕಂಪನಿ ಬರೆದುಕೊಂಡಿರುತ್ತದೆ. ಈ ಸಾಲು ಇದ್ದರೆ 30 ದಿನ ಪೂರ್ತಿ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ನಮ್ಮ ಹುಡುಗಿಯ ಪತ್ರದಲ್ಲೂ ಅದು ಇದೆ ಅಂದುಕೊಳ್ಳಿ. ಆಗ ಕನ್ನಡದಲ್ಲಿ ಹೀಗೆ ಹೇಳಬಹುದು: "30 ದಿನ ಕೊಟ್ಟಿದ್ದಾರೆ. ಆದರೆ ಮಧ್ಯದಲ್ಲಿ ಏನೂ ಸುಧಾರಣೆ ಕಾಣಲಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸುವ ಹಕ್ಕು ಅವರು ಇಟ್ಟುಕೊಂಡಿದ್ದಾರೆ. ಅದಕ್ಕೆ ಮೊದಲ ರಿವ್ಯೂನೇ ಮುಖ್ಯ."

ತಾರೀಖುಗಳನ್ನು ಬಿಡಿಸುವುದು

ಅತಿ ದೊಡ್ಡ ಎಡವಟ್ಟು ಆಗುವುದು ಇಲ್ಲೇ. ನಮ್ಮ ಪತ್ರದಲ್ಲಿ ಪ್ಲಾನ್ ಮುಗಿಯುವ ದಿನವನ್ನು 02/03/2026 ಅಂತ ಹಾಕಿದ್ದಾರೆ. ನಮ್ಮಲ್ಲಿ ಯಾರೇ ಓದಿದರೂ ಅದು ಮಾರ್ಚ್ 2. "ಅಕ್ಕಾ, ಇನ್ನೂ ಎರಡು ತಿಂಗಳು ಇದೆಯಲ್ಲ" ಅಂತ ಅವಳು ನಿಟ್ಟುಸಿರು ಬಿಡುತ್ತಾಳೆ. ಆದರೆ ಪತ್ರದ ನಮೂನೆ ಬಂದಿರುವುದು ಅಮೆರಿಕದ ಕಚೇರಿಯಿಂದ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅದು ಫೆಬ್ರವರಿ 3.

ಇದನ್ನು ಊಹೆಯಿಂದ ತೀರ್ಮಾನಿಸಬೇಕಿಲ್ಲ. ಎರಡು ರೀತಿ ಪರೀಕ್ಷೆ ಮಾಡಬಹುದು. ಮೊದಲನೆಯದು, ಪತ್ರದ ಎಲ್ಲ ತಾರೀಖುಗಳಲ್ಲಿ 12ಕ್ಕಿಂತ ದೊಡ್ಡ ಅಂಕಿ ಎಲ್ಲಿ ಕೂತಿದೆ ನೋಡಿ. ಎರಡನೇ ರಿವ್ಯೂ ದಿನ 01/19/2026 ಅಂತ ಇದೆ. 19ನೇ ತಿಂಗಳು ಇಲ್ಲ, ಹಾಗಾಗಿ ಮಧ್ಯದ ಅಂಕಿಯೇ ದಿನ. ಎರಡನೆಯದು, ದಿನ ಎಣಿಸಿ. ಜನವರಿ 5 ಮೊದಲ ದಿನ ಅಂತ ಹಿಡಿದರೆ ಜನವರಿ 31ಕ್ಕೆ 27 ದಿನ ಆಯಿತು. ಇನ್ನು 3 ದಿನ ಸೇರಿಸಿದರೆ ಫೆಬ್ರವರಿ 3ಕ್ಕೆ ಸರಿಯಾಗಿ 30. ಎರಡೂ ಪರೀಕ್ಷೆಯ ಉತ್ತರ ಒಂದೇ ಬಂತು. ಈಗ ಹಾಳೆಯಲ್ಲಿ ತಿಂಗಳ ಹೆಸರನ್ನೇ ಬರೆಯಿರಿ, ವಾರವನ್ನೂ ಬರೆಯಿರಿ: ಫೆಬ್ರವರಿ 3, ಮಂಗಳವಾರ. ಅಂಕಿಯಲ್ಲಿ ಬರೆದರೆ ನಾಳೆ ಅವಳೇ ಮತ್ತೆ ಗೊಂದಲ ಮಾಡಿಕೊಳ್ಳುತ್ತಾಳೆ.

30 ದಿನ ಅಂದರೆ ರಜೆಗಳೂ ಸೇರಿ ಎಣಿಸಿದ್ದೋ, ಕೆಲಸದ ದಿನಗಳು ಮಾತ್ರವೋ ಅಂತಲೂ ನೋಡಿ. ವರ್ಕಿಂಗ್ ಡೇಸ್ ಅಥವಾ ಬಿಸಿನೆಸ್ ಡೇಸ್ ಅಂತ ಇದ್ದು, ವಾರಕ್ಕೆ ಐದು ದಿನ ಕೆಲಸ ಅಂತಿಟ್ಟುಕೊಂಡರೆ ಅದೇ 30 ದಿನ ಫೆಬ್ರವರಿ ನಡುವಿನ ತನಕ ಹೋಗುತ್ತದೆ. ನಮ್ಮ ಪತ್ರದಲ್ಲಿ ಮುಗಿಯುವ ತಾರೀಖನ್ನೂ ಕೊಟ್ಟಿರುವುದರಿಂದ ಆ ಅನುಮಾನ ಇಲ್ಲ. ಬರೀ ದಿನಗಳ ಸಂಖ್ಯೆ ಮಾತ್ರ ಇದ್ದರೆ ಕೇಳಲೇಬೇಕು.

ಇನ್ನು ರಿವ್ಯೂ ದಿನಗಳು. ಜನವರಿ 12, 19, 26 ಮತ್ತು ಫೆಬ್ರವರಿ 3. ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಜನವರಿ 26 ಗಣರಾಜ್ಯೋತ್ಸವ, ರಜೆ. ಪತ್ರ ಬರೆದವರು ಏಳೇಳು ದಿನ ಕೂಡಿಸಿ ತಾರೀಖು ಹಾಕಿದ್ದಾರೆ ಅಷ್ಟೇ. ಆ ರಿವ್ಯೂ ಹಿಂದಿನ ಶುಕ್ರವಾರವೋ, 27ರ ಮಂಗಳವಾರವೋ ಅಂತ ಮೇಲ್‌ನಲ್ಲಿ ಕೇಳಿಸಿ. ಕೇಳದೆ ಬಿಟ್ಟರೆ ಅದು ನಡೆಯದೇ ಹೋಗಬಹುದು. ಕೊನೆಯಲ್ಲಿ ಮೂರನೇ ರಿವ್ಯೂ ಕಾಗದ ಎಲ್ಲಿ ಅಂದರೆ ಯಾರ ಹತ್ತಿರವೂ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ರಿವ್ಯೂ ದಿನ ಬೇರೆ, ಅಳತೆ ನಿಲ್ಲುವ ದಿನ ಬೇರೆ. 19ನೇ ತಾರೀಖು ಸೋಮವಾರ ಕೂತು ನೋಡುವುದು ಸಾಮಾನ್ಯವಾಗಿ 12ರಿಂದ 18ರ ವರೆಗಿನ ರಿಪೋರ್ಟ್. ಅವತ್ತು ಬೆಳಿಗ್ಗೆ ಚೆನ್ನಾಗಿ ಮಾಡಿದ ಕಾಲ್‌ಗಳು ಅದರಲ್ಲಿ ಬರುವುದಿಲ್ಲ. ಅದೇ ಲೆಕ್ಕದಲ್ಲಿ ಫೆಬ್ರವರಿ 3ರ ಕೊನೆಯ ರಿವ್ಯೂಗೆ ರಿಪೋರ್ಟ್ ಫೆಬ್ರವರಿ 1ಕ್ಕೋ 2ಕ್ಕೋ ನಿಂತಿರುತ್ತದೆ. "ಯಾವ ದಿನದ ತನಕದ ಡೇಟಾ ನೋಡುತ್ತೀರಿ" ಅನ್ನುವುದು ಪ್ರಶ್ನೆ ಪಟ್ಟಿಯಲ್ಲಿ ಇರಲಿ.

ಮೊದಲ ಗುರಿ: ಎಎಚ್‌ಟಿ

ಪತ್ರದಲ್ಲಿ ಇರುವುದು ಇಷ್ಟು: ಈಗಿನ ಎಎಚ್‌ಟಿ, ಅಂದರೆ ಒಂದು ಕಾಲ್‌ಗೆ ಹಿಡಿಯುವ ಸರಾಸರಿ ಹೊತ್ತು, 510 ಸೆಕೆಂಡ್, ಗುರಿ 420 ಅಥವಾ ಅದಕ್ಕಿಂತ ಕಡಿಮೆ, ಅದನ್ನು ಕಾಯ್ದುಕೊಳ್ಳಬೇಕು. ಅವಳಿಗೆ ಎಎಚ್‌ಟಿ ಅಂದರೆ ಗೊತ್ತು. ದಿನಾ ಬೋರ್ಡ್ ಮೇಲೆ ನೋಡುತ್ತಾಳೆ. ಆದರೆ ಹೆಚ್ಚಿನವರು ಅದನ್ನು ಮಾತಾಡಿದ ಹೊತ್ತು ಅಂತಲೇ ತಿಳಿದಿರುತ್ತಾರೆ. ಅದರಲ್ಲಿ ಮೂರು ಭಾಗ ಇವೆ: ಗ್ರಾಹಕರ ಜೊತೆ ಮಾತಾಡಿದ ಹೊತ್ತು, ಹೋಲ್ಡ್‌ನಲ್ಲಿಟ್ಟ ಹೊತ್ತು, ಕಾಲ್ ಮುಗಿದ ಮೇಲೆ ನೋಟ್ಸ್ ಟೈಪ್ ಮಾಡಿದ ಹೊತ್ತು. ಎಲ್ಲ ಕೂಡಿಸಿ ಕಾಲ್‌ಗಳ ಸಂಖ್ಯೆಯಿಂದ ಭಾಗಿಸಿದ್ದು ಎಎಚ್‌ಟಿ.

ಸೆಕೆಂಡನ್ನು ನಿಮಿಷಕ್ಕೆ ತಿರುಗಿಸಿ ಹೇಳಿ. "ಈಗ ಒಂದು ಕಾಲ್‌ಗೆ ಎಂಟೂವರೆ ನಿಮಿಷ ಆಗ್ತಿದೆ. ಏಳು ನಿಮಿಷಕ್ಕೆ ತರಬೇಕು. ಅಂದರೆ ಕಾಲ್‌ಗೆ ಒಂದೂವರೆ ನಿಮಿಷ ಉಳಿಸಬೇಕು." ಆಮೇಲೆ ಅವಳ 510 ಹೇಗೆ ಆಯಿತು ಅಂತ ಟೀಮ್ ಲೀಡರ್ ಹತ್ತಿರ ವಿವರ ಕೇಳಿಸಿ. ಮಾತು 360, ಹೋಲ್ಡ್ 60, ನೋಟ್ಸ್ 90 ಅಂತ ಬಂತು ಅನ್ನಿ. ಗ್ರಾಹಕರ ಮಾತನ್ನು ಕತ್ತರಿಸಲು ಹೋದರೆ ಕ್ವಾಲಿಟಿ ಬೀಳುತ್ತದೆ. ನೋಟ್ಸನ್ನು 45ಕ್ಕೆ, ಹೋಲ್ಡನ್ನು 30ಕ್ಕೆ ಇಳಿಸಿದರೆ ಮಾತಿನಲ್ಲಿ ಬರೀ 15 ಸೆಕೆಂಡ್ ಕಡಿಮೆ ಮಾಡಿದರೆ ಸಾಕು, 420 ಆಗುತ್ತದೆ. ಗುರಿಯನ್ನು ಹೀಗೆ ಬಿಡಿಸಿ ಇಟ್ಟಾಗ ಎಲ್ಲಿ ಕೈ ಹಾಕಬೇಕು ಅಂತ ಅವಳಿಗೇ ಕಾಣುತ್ತದೆ.

ಮುಖ್ಯ ತೊಡಕು ಅಳತೆಯ ಅವಧಿಯಲ್ಲಿದೆ. ಪ್ರತಿ ವಾರವೂ 420ರ ಒಳಗಿರಬೇಕಾ? 30 ದಿನದ ಸರಾಸರಿ ಸಾಕಾ? ಅಥವಾ ಕೊನೆಯಲ್ಲಿ 420 ಮುಟ್ಟಿದರೆ ಆಯ್ತಾ? ನಾಲ್ಕು ವಾರ ಕ್ರಮವಾಗಿ 480, 440, 400, 390 ಬಂತು ಅಂದುಕೊಳ್ಳಿ. ಕಾಲ್‌ಗಳ ಸಂಖ್ಯೆ ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಇದ್ದರೆ ಒಟ್ಟು ಸರಾಸರಿ 427.5. ಕೊನೆಯ ಎರಡು ವಾರ ನೋಡಿದರೆ ಅವಳು ಪಾಸ್. ತಿಂಗಳ ಸರಾಸರಿ ನೋಡಿದರೆ ಏಳೂವರೆ ಸೆಕೆಂಡಿನಿಂದ ಫೇಲ್. ಪ್ರತಿ ವಾರ ಅಂದರೆ ಮೊದಲ ವಾರವೇ ಫೇಲ್. ಅದೇ ಕೆಲಸ, ಮೂರು ಫಲಿತಾಂಶ. ಪತ್ರದಲ್ಲಿ ಸಸ್ಟೇನ್ ಅನ್ನುವ ಮಾತು ಇದೆ, ಅಂದರೆ ಒಮ್ಮೆ ಮುಟ್ಟಿ ಬಿಟ್ಟರೆ ಆಗಲ್ಲ, ಹಾಗೇ ನಿಲ್ಲಿಸಿಕೊಳ್ಳಬೇಕು ಅಂತ. ಎಷ್ಟು ದಿನ ಅಂತ ಬರೆದಿಲ್ಲ. ಹಾಳೆಯ ಮೂರನೇ ಕಾಲಂನಲ್ಲಿ ದೊಡ್ಡದಾಗಿ ಪ್ರಶ್ನೆ ಚಿಹ್ನೆ ಹಾಕಿ.

ಎರಡನೇ ಗುರಿ: ಕ್ವಾಲಿಟಿ ಸ್ಕೋರ್

ಪತ್ರದ ಪ್ಯಾರಾದಲ್ಲಿ ಕ್ವಾಲಿಟಿ ಶೇ. 15ರಷ್ಟು ಸುಧಾರಿಸಬೇಕು ಅಂತ ಇದೆ. ಅವಳ ಈಗಿನ ಸ್ಕೋರ್ 74. 15 ಕೂಡಿಸಿದರೆ 89. 74ರಲ್ಲಿ ಶೇ. 15 ಲೆಕ್ಕ ಹಾಕಿ ಕೂಡಿಸಿದರೆ 85.1. ಇವೆರಡರ ನಡುವೆ ಇರುವ ನಾಲ್ಕು ಅಂಕ ದಾಟುವುದು ಸುಲಭ ಅಲ್ಲ. ಆದರೆ ಟೇಬಲ್‌ನಲ್ಲಿ ಗುರಿ 85 ಅಂತ ಸ್ಪಷ್ಟವಾಗಿ ಹಾಕಿದ್ದಾರೆ. ಪ್ಯಾರಾ ಒಂದು ಹೇಳಿ ಟೇಬಲ್ ಇನ್ನೊಂದು ಹೇಳಿದಂತೆ ಕಂಡಾಗ ಎರಡನ್ನೂ ತೋರಿಸಿ, "85 ಅಂತ ನಾನು ತಿಳಿದುಕೊಂಡಿದ್ದೇನೆ, ಸರಿ ತಾನೆ" ಅಂತ ಬರೆದು ಕೇಳಿಸಿ.

ಅದೇ ಸಾಲಿನ ಕೊನೆಗೆ ಫೇಟಲ್ ಎರರ್ ಸೊನ್ನೆ ಇರಬೇಕು ಅಂತಲೂ ಇದೆ. ಅದು ಟೇಬಲ್‌ನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿರುತ್ತದೆ. ಬಹಳ ಕಡೆ ನಿಯಮ ಏನಂದರೆ, ಗ್ರಾಹಕರನ್ನು ಸರಿಯಾಗಿ ವೆರಿಫೈ ಮಾಡದೆ ಅಕೌಂಟ್ ವಿವರ ಹೇಳಿಬಿಟ್ಟರೆ, ಅಥವಾ ಬೇಕಂತಲೇ ಕಾಲ್ ಕಟ್ ಮಾಡಿದರೆ ಆ ಕಾಲ್‌ನ ಪೂರ್ತಿ ಅಂಕ ಸೊನ್ನೆ. ಇದನ್ನು ಲೆಕ್ಕದಲ್ಲಿ ತೋರಿಸಿ. ವಾರಕ್ಕೆ ಐದು ಕಾಲ್ ಆಡಿಟ್ ಮಾಡುತ್ತಾರೆ ಅಂದುಕೊಳ್ಳಿ. ನಾಲ್ಕಕ್ಕೆ 95 ಬಂತು, ಒಂದು ಫೇಟಲ್. ಒಟ್ಟು 380, ಐದರಿಂದ ಭಾಗಿಸಿದರೆ 76. ನಾಲ್ಕು ಕಾಲ್ ಅಷ್ಟು ಚೆನ್ನಾಗಿ ಮಾಡಿಯೂ ಆ ವಾರ ಹೋಯಿತು. ಅದಕ್ಕೆ ಕನ್ನಡದಲ್ಲಿ ಹೇಳುವಾಗ 85ಕ್ಕಿಂತ ಮೊದಲು ಫೇಟಲ್ ವಿಷಯ ಹೇಳಿ. ಯಾವ ಯಾವ ತಪ್ಪು ಫೇಟಲ್ ಅನ್ನುವ ಪಟ್ಟಿ ಕ್ವಾಲಿಟಿ ಟೀಮ್ ಹತ್ತಿರ ಇರುತ್ತದೆ, ಅದನ್ನು ಕೇಳಿ ಪಡೆಯಲಿ. ಎಷ್ಟು ಕಾಲ್ ಆಡಿಟ್ ಮಾಡುತ್ತಾರೆ, ಯಾರು ಆರಿಸುತ್ತಾರೆ ಅಂತಲೂ ಕೇಳಲಿ. ಎರಡೇ ಕಾಲ್ ನೋಡಿ ತಿಂಗಳ ಸ್ಕೋರ್ ಹಾಕಿದರೆ ಅದರಲ್ಲಿ ಅದೃಷ್ಟದ ಪಾಲೇ ಜಾಸ್ತಿ.

ಮೂರನೆಯದು: ಅಡ್‌ಹೆರೆನ್ಸ್ ಮತ್ತು ರಜೆ

ಅಡ್‌ಹೆರೆನ್ಸ್ ಶೇ. 95 ಅಂತ ಇದೆ. ಇದನ್ನು ಹಾಜರಾತಿ ಅಂತ ಹೇಳಿಬಿಟ್ಟರೆ ಅವಳು "ನಾನು ದಿನಾ ಹೋಗ್ತೀನಲ್ಲ ಅಕ್ಕಾ" ಅನ್ನುತ್ತಾಳೆ. ರೋಸ್ಟರ್‌ನಲ್ಲಿ ಎಷ್ಟು ಹೊತ್ತಿಗೆ ಏನು ಮಾಡಬೇಕು ಅಂತ ಇದೆಯೋ ಆ ಹೊತ್ತಿಗೆ ಅದನ್ನೇ ಮಾಡುತ್ತಿರಬೇಕು, ಅದರ ಲೆಕ್ಕ ಇದು. ದಿನಕ್ಕೆ 8 ಗಂಟೆ ಲಾಗಿನ್ ಅಂದರೆ 480 ನಿಮಿಷ. ಅದರಲ್ಲಿ ಶೇ. 5 ಅಂದರೆ 24 ನಿಮಿಷ. ಇಡೀ ದಿನಕ್ಕೆ ಅಷ್ಟೇ ಸಡಿಲ. ಎರಡು ಟೀ ಬ್ರೇಕ್‌ನಿಂದ ಐದೈದು ನಿಮಿಷ ತಡವಾಗಿ ಬಂದು, ಬೆಳಿಗ್ಗೆ ಕ್ಯಾಬ್ ಕಾಲು ಗಂಟೆ ಲೇಟಾದರೆ 25 ನಿಮಿಷ ಆಯಿತು. ಆ ದಿನ ಗುರಿ ತಪ್ಪಿತು. ಕಂಪನಿಯದೇ ಕ್ಯಾಬ್ ತಡವಾದರೆ ಅದನ್ನು ಬಿಟ್ಟು ಲೆಕ್ಕ ಹಾಕುತ್ತಾರಾ ಅಂತ ಕೇಳಬೇಕು. ಬಿಡುತ್ತಾರೆ ಅಂದರೂ ಪ್ರತಿ ಸಲ ಅವತ್ತೇ ಒಂದು ಮೇಲ್ ಹಾಕಿಟ್ಟಿರಲಿ. ತಿಂಗಳ ಕೊನೆಗೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಸಾಕ್ಷಿ ಹುಡುಕಲು ಆಗುವುದಿಲ್ಲ.

ಅನ್‌ಪ್ಲಾನ್ಡ್ ಲೀವ್ ಸೊನ್ನೆ ಅಂತಲೂ ಬರೆದಿದ್ದಾರೆ. ಜ್ವರ ಬಂದು ಡಾಕ್ಟರ್ ಚೀಟಿ ಕೊಟ್ಟರೆ ಅದು ಇದರಲ್ಲಿ ಸೇರುತ್ತಾ, ಪತ್ರದಲ್ಲಿ ಇಲ್ಲ. ಇನ್ನೊಂದು ಪ್ರಶ್ನೆ ಚಿಹ್ನೆ.

ನಾಲ್ಕನೆಯದು: ಅಂಕಿಯೇ ಇಲ್ಲದ ಗುರಿ

ಓನರ್‌ಶಿಪ್ ತೋರಿಸಬೇಕು, ಕಮ್ಯುನಿಕೇಷನ್ ಉತ್ತಮ ಪಡಿಸಬೇಕು ಅನ್ನುವ ಸಾಲು. ಇಂಥದ್ದು ಒಂದಾದರೂ ಇರದ ಪಿಐಪಿ ಪತ್ರ ನಾನು ನೋಡಿದ್ದು ಕಡಿಮೆ. ಅರ್ಥ ಹೇಳುವವರಿಗೆ ಇಲ್ಲಿ ಒಂದು ಆಸೆ ಹುಟ್ಟುತ್ತದೆ: "ಅಂದರೆ ಟೀಮ್ ಲೀಡರ್‌ಗೆ ಮರ್ಯಾದೆ ಕೊಡಬೇಕು ಅಂತ" ಅಂತ ಏನೋ ಒಂದು ತುಂಬಿ ಹೇಳಿಬಿಡೋಣ ಅಂತ. ಬೇಡ. ಅವಳು ಅದನ್ನೇ ಹಿಡಿದು ತಿಂಗಳು ಪೂರ್ತಿ ತಲೆ ಬಗ್ಗಿಸಿ ನಡೆಯುತ್ತಾಳೆ, ಅವರು ನೋಡುತ್ತಿದ್ದದ್ದು ಕಾಲ್‌ಬ್ಯಾಕ್ ಮಾಡಿದಳೋ ಇಲ್ಲವೋ ಅಂತ ಇರಬಹುದು. "ಜವಾಬ್ದಾರಿ ತಗೊಳ್ಳಬೇಕು ಅಂತ ಇದೆ, ಹೇಗೆ ಅಳೆಯುತ್ತಾರೆ ಅಂತ ಬರೆದಿಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಎಚ್ಆರ್‌ಗೆ ಕೇಳಬೇಕಾದದ್ದು: ಯಾವ ಕೆಲಸ ಮಾಡಿದರೆ ಈ ಗುರಿ ಮುಟ್ಟಿದಂತೆ, ಎರಡು ಉದಾಹರಣೆ ಕೊಡಿ.

ಅವಳ ಬಾಯಿಂದ ಹೇಳಿಸಿ, ಆಮೇಲೆ ಸಹಿ

ಎಲ್ಲ ಮುಗಿದ ಮೇಲೆ "ಅರ್ಥ ಆಯ್ತಾ" ಅಂತ ಕೇಳಬೇಡಿ. ಹೂಂ ಅನ್ನುತ್ತಾರೆ, ಅದು ಉತ್ತರ ಅಲ್ಲ. ಪತ್ರ ಮುಚ್ಚಿಟ್ಟು, "ಮುಂದಿನ ಸೋಮವಾರ ಏನು ನೋಡುತ್ತಾರೆ ನೀನೇ ಹೇಳು" ಅನ್ನಿ. "12ನೇ ತಾರೀಖು. ಮೊದಲ ವಾರದ ಎಎಚ್‌ಟಿ, ಐದು ಕಾಲ್ ಆಡಿಟ್, ಫೇಟಲ್ ಇರಬಾರದು" ಅಂತ ಬಂದರೆ ಸರಿ. ತಡವರಿಸಿದ ಕಡೆ ಮತ್ತೆ ಹೇಳಿ.

ಸಹಿಯ ಜಾಗದ ಮೇಲಿನ ಸಾಲನ್ನು ಎರಡು ಸಲ ಓದಿ. ಪತ್ರ ಸಿಕ್ಕಿದೆ ಅಂತ ಸಹಿ ಹಾಕುವುದು ಒಂದು. ಇದರಲ್ಲಿ ಬರೆದಿರುವುದೆಲ್ಲ ನಿಜ, ಒಪ್ಪಿದ್ದೇನೆ ಅಂತ ಸಹಿ ಹಾಕುವುದು ಇನ್ನೊಂದು. ಎರಡನೆಯದಾಗಿದ್ದರೆ, ಅಥವಾ ಈಗಿನ ಸ್ಕೋರ್ 74 ಅನ್ನುವುದೇ ತಪ್ಪು ಅಂತ ಅವಳಿಗೆ ಅನಿಸಿದರೆ, ಪತ್ರ ಸಿಕ್ಕಿದ ತಾರೀಖು ಮತ್ತು ತನ್ನ ಪ್ರಶ್ನೆಗಳನ್ನು ಬೇರೆ ಮೇಲ್‌ನಲ್ಲಿ ಕಳಿಸಿದ್ದೇನೆ ಅನ್ನುವ ಒಂದು ಸಾಲನ್ನು ಸಹಿಯ ಪಕ್ಕ ಬರೆಯಬಹುದು. ಡಿಜಿಟಲ್ ಸಹಿ ಆದರೆ ಮೊದಲು ಮೇಲ್ ಹೋಗಲಿ, ಆಮೇಲೆ ಸಹಿ. ಆ ಮೇಲ್‌ನಲ್ಲಿ ಜಗಳ ಬೇಡ. ನಿಮ್ಮ ಹಾಳೆಯ ಪ್ರಶ್ನೆ ಚಿಹ್ನೆಗಳನ್ನೇ ಒಂದೊಂದು ಸಾಲಿನಂತೆ ಬರೆಯಿರಿ. ಪತ್ರದಲ್ಲಿ ಕಂಪನಿ ಕೊಡುತ್ತೇನೆ ಅಂದಿರುವ ಕೋಚಿಂಗ್ ಯಾವ ದಿನ, ಯಾರ ಹತ್ತಿರ ಅಂತಲೂ ಸೇರಿಸಿ.

ಕೆಲವು ಕಡೆ ಪಿಐಪಿ ಪತ್ರದ ಜೊತೆಗೇ "ನೀನೇ ರಾಜೀನಾಮೆ ಕೊಟ್ಟರೆ ಒಳ್ಳೇದು" ಅನ್ನುವ ಮಾತೂ ಬರುತ್ತದೆ. ಅವತ್ತೇ ಅಲ್ಲೇ ಬರೆದುಕೊಡಬೇಕಾಗಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ ಪ್ರಕಾರ ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಆ ನೋಟಿಸ್ ಬೇಕಿಲ್ಲ. ಅವಳ ಅಪಾಯಿಂಟ್‌ಮೆಂಟ್ ಲೆಟರ್‌ನ ನೋಟಿಸ್ ಸಾಲನ್ನೂ ಜೊತೆಗಿಟ್ಟು ಓದಿ. ಇದಕ್ಕಿಂತ ಮುಂದಿನದು ವಕೀಲರಿಗೆ ಅಥವಾ ಕಾರ್ಮಿಕ ಇಲಾಖೆಗೆ ಬಿಟ್ಟದ್ದು, ಅರ್ಥ ಹೇಳುವವರದ್ದಲ್ಲ.

ರಿವ್ಯೂ ದಿನಗಳಲ್ಲಿ

ಪ್ರತಿ ರಿವ್ಯೂ ಮುಗಿದ ಸಂಜೆ ಹಾಳೆ ತೆಗೆದು ಆ ವಾರದ ಅಂಕಿ ತುಂಬಿಸಿ. ಮ್ಯಾನೇಜರ್ ಬಾಯಲ್ಲಿ "ಪರವಾಗಿಲ್ಲ, ಸುಧಾರಿಸಿದ್ದೀಯ" ಅಂದದ್ದು ಹಾಳೆಗೆ ಬರುವುದಿಲ್ಲ. ಅಂಕಿ ಎಷ್ಟು, ಗುರಿ ಮುಟ್ಟಿತಾ ಇಲ್ಲವಾ ಅಂತ ಬರೆದು, "ಇವತ್ತು ಹೀಗೆ ಮಾತಾಯಿತು" ಅಂತ ಅವಳೇ ಅದೇ ದಿನ ಮ್ಯಾನೇಜರ್‌ಗೆ ಮೇಲ್ ಕಳಿಸಲಿ. ಅಷ್ಟು ಇಂಗ್ಲಿಷ್ ಬರೆಯಲು ನೀವು ಸಹಾಯ ಮಾಡಿದರೆ ಸಾಕು.

ಫೆಬ್ರವರಿ 3ರಂದು ಮೂರರಲ್ಲಿ ಒಂದು ಆಗುತ್ತದೆ. ಪಾಸಾದರೆ ಪ್ಲಾನ್ ಮುಗಿದಿದೆ ಅನ್ನುವ ಪತ್ರವನ್ನು ಕೇಳಿ ಪಡೆಯಬೇಕು, ಅದನ್ನು ತಾವಾಗಿ ಕೊಡುವವರು ಕಡಿಮೆ. ಕೆಲಸದಿಂದ ತೆಗೆದರೆ ನೋಟಿಸ್ ಸಾಲು ಮತ್ತು ಮೇಲ್‌ಗಳ ಕಟ್ಟು ಕೈಯಲ್ಲಿರಬೇಕು. ಆಫೀಸ್ ಮೇಲ್ ಅವತ್ತೇ ಬಂದ್ ಆಗಬಹುದು, ಹಾಗಾಗಿ ತನಗೆ ಬಂದ ಪಿಐಪಿ ಪತ್ರ ಮತ್ತು ರಿವ್ಯೂ ಪತ್ರಗಳ ಪ್ರಿಂಟ್ ಮೊದಲೇ ತೆಗೆದಿಟ್ಟಿರಲಿ. ಗ್ರಾಹಕರ ವಿವರ ಇರುವ ಯಾವುದನ್ನೂ ಹೊರಗೆ ತರುವಂತಿಲ್ಲ. ಮೂರನೆಯದು ಅವಧಿ ವಿಸ್ತರಣೆ. ಆಗ ಬಾಯಿಮಾತಿನಲ್ಲಿ "ಇನ್ನೂ 15 ದಿನ ನೋಡೋಣ" ಅಂದರೆ ಸಾಲದು. ಹೊಸ ಮುಗಿಯುವ ತಾರೀಖು, ಹೊಸ ರಿವ್ಯೂ ದಿನಗಳು, ಹಳೆಯ ಅಂಕಿಗಳು ಸರಾಸರಿಗೆ ಸೇರುತ್ತವಾ ಇಲ್ಲವಾ, ಇಷ್ಟೂ ಬರವಣಿಗೆಯಲ್ಲಿ ಬಂದ ಮೇಲೆ ಹೊಸ ಹಾಳೆಯಲ್ಲಿ ಮತ್ತೆ ಐದು ಕಾಲಂ ಹಾಕಿ.